ಉಸ್ತಾದ್ ಹೇಳಿದ್ದನ್ನೇ ನಾನ್ಯಾಕೆ ಮತ್ತೆ ಹೇಳ್ಬೇಕು? ಬಿದ್ರಿ ಸಾಕ್ಷ್ಯಚಿತ್ರಕ್ಕೆ ನಿರೂಪಣೆ ಬರೆದ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ತಪ್ಪಿನಿಂದ ಶುರು ಮಾಡ್ತೀನಿ, ನಾನೇ ಮಾಡಿದ ತಪ್ಪು.

ನನ್ನ ಸ್ನೇಹಿತನೊಬ್ಬ ಬೀದರ್‌ನ ಬಿದ್ರಿ ಕೆಲಸದ ಮೇಲೆ 22 ನಿಮಿಷದ ಸಾಕ್ಷ್ಯಚಿತ್ರ ಮಾಡ್ತಾ ಇದ್ದ. ಶೂಟಿಂಗ್ ಮುಗಿದಿತ್ತು, ಎಡಿಟಿಂಗ್ ಅರ್ಧ ಆಗಿತ್ತು. 'ವಾಯ್ಸ್ ಓವರ್ ನೀನು ಬರೀ, ಓದೋದೂ ನೀನೇ' ಅಂದ. ಒಪ್ಕೊಂಡೆ. ಒಂದು ವಾರ ಕೂತು ಬರೆದೆ, ಓದಿ ರೆಕಾರ್ಡ್ ಮಾಡಿ ಕಳಿಸಿದೆ. ಅವನು ಅದನ್ನ ದೃಶ್ಯದ ಮೇಲೆ ಕೂರಿಸಿ ಒಂದು ತುಣುಕು ವಾಪಸ್ ಕಳಿಸಿದ. ಜೊತೆಗೆ ಒಂದೇ ಸಾಲಿನ ಮೆಸೇಜ್: 'ಹೆಡ್‌ಫೋನ್ ಹಾಕ್ಕೊಂಡು ಕೇಳು.'

ಕೇಳಿದೆ. ಮೊದಲು ನನ್ನ ದನಿ: 'ಬೀದರ್ ಕೋಟೆಯ ಮಣ್ಣು ಸಾಮಾನ್ಯ ಮಣ್ಣಲ್ಲ. ಮಳೆ ಬಿಸಿಲು ಕಾಣದ ಜಾಗದಿಂದ ತಂದ ಈ ಮಣ್ಣನ್ನು ಕುಶಲಕರ್ಮಿ ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾನೆ. ತಲೆಮಾರುಗಳಿಂದ ಬಂದ ಈ ಗುಟ್ಟೇ ಬಿದ್ರಿಯ ಜೀವಾಳ.'

ಅದಾದ ಕೂಡಲೇ ಉಸ್ತಾದ್ ತೆರೆ ಮೇಲೆ ಬರ್ತಾರೆ. ಒಂದು ಚಿಟಿಕೆ ಮಣ್ಣು ತಗೊಂಡು ನಾಲಿಗೆಗೆ ಇಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮಣ್ಣು ಎಲ್ಲಿಂದ ತರ್ತಾರೆ, ಬಿಸಿಲು ಮಳೆ ಬಿದ್ದ ಮಣ್ಣು ಯಾಕೆ ಆಗಲ್ಲ, ರುಚಿ ಹೇಗೆ ಗೊತ್ತಾಗುತ್ತೆ ಅಂತ ನಗ್ತಾ ಹೇಳ್ತಾರೆ. ಇಡೀ ಚಿತ್ರದಲ್ಲೇ ಚೆಂದದ ಘಳಿಗೆ ಅದು. ಅವರು ಬಾಯಿ ತೆರೆಯೋ ಮುಂಚೆ ನಾನು ಅದನ್ನ ಹೇಳಿ ಮುಗಿಸಿಬಿಟ್ಟಿದ್ದೆ. ಜೋಕ್‌ನ ಕೊನೆ ಸಾಲು ಮೊದಲೇ ಹೇಳಿಬಿಡೋ ಗೆಳೆಯ ಇರ್ತಾನಲ್ಲ, ಹಾಗೆ.

ಹಾಗಾಗಿ ಇವತ್ತಿನ ಪ್ರಶ್ನೆ ಇದು: ಕೆಲಸ ಗೊತ್ತಿರೋರೇ ಕ್ಯಾಮೆರಾ ಮುಂದೆ ಕೂತು ಮಾತಾಡಿರುವಾಗ, ನಿರೂಪಣೆಗೆ ಉಳಿಯೋದು ಏನು?

ತಪ್ಪು ಎಲ್ಲಿಂದ ಬಂತು

ಹಿಂದಿರುಗಿ ನೋಡಿದಾಗ ಎರಡು ಕಾರಣ ಕಾಣಿಸಿದ್ವು.

ಒಂದು, ನಾನು ಬರೆದ ಕ್ರಮ. ಬಿದ್ರಿ ಬಗ್ಗೆ ಓದಿ ಟಿಪ್ಪಣಿ ಮಾಡ್ಕೊಂಡೆ, ಆ ಟಿಪ್ಪಣಿಯಿಂದ ಸ್ಕ್ರಿಪ್ಟ್ ಬರೆದೆ. ಸಂದರ್ಶನಗಳನ್ನ ಒಂದು ಸಲ ನೋಡಿದ್ದೆ ಅಷ್ಟೇ, ಅಕ್ಷರಕ್ಕೆ ಇಳಿಸಿರಲಿಲ್ಲ. ಈಗ ಯೋಚ್ನೆ ಮಾಡಿ: ಬಿದ್ರಿ ಬಗ್ಗೆ ಬರೆಯೋ ಯಾರೇ ಆದ್ರೂ ಮೊದಲು ಹೇಳೋದು ಕೋಟೆ ಮಣ್ಣಿನ ವಿಷಯ. ಬಿದ್ರಿ ಮಾಡೋರನ್ನ ಕೇಳಿದ್ರೆ ಅವರು ಹೇಳೋದೂ ಅದನ್ನೇ. ಪ್ರಶ್ನೆ ಕೇಳಿದ ನನ್ನ ಸ್ನೇಹಿತನೂ ಅದೇ ಲೇಖನಗಳನ್ನ ಓದ್ಕೊಂಡು ಹೋಗಿದ್ದ. ಮೂರು ಕಡೆಯಿಂದಲೂ ಒಂದೇ ಮಾತು ಬರದೆ ಇನ್ನೇನಾಗುತ್ತೆ?

ಎರಡನೇದು, ಭಾಷೆ. ಉಸ್ತಾದ್ ಮನೆಯಲ್ಲಿ ಮಾತಾಡೋದು ದಖ್ಖನಿ ಉರ್ದು. ಕ್ಯಾಮೆರಾ ಮುಂದೆ ಸ್ವಲ್ಪ ಬೀದರ್ ಕನ್ನಡ, ಜಾಸ್ತಿ ದಖ್ಖನಿ. 'ಬೆಂಗಳೂರಿನವರಿಗೆ, ಮೈಸೂರಿನವರಿಗೆ ಅರ್ಥ ಆಗುತ್ತೋ ಇಲ್ವೋ' ಅನ್ನೋ ಭಯ ನನಗೆ. ಹಾಗಾಗಿ ಅವರ ಮಾತಿಗೆ ಮುಂಚೆಯೇ ಕನ್ನಡದಲ್ಲಿ ಸಾರಾಂಶ ಕೊಟ್ಟುಬಿಡ್ತಿದ್ದೆ. ಆದ್ರೆ ಆ ಕೆಲಸಕ್ಕೆ ತೆರೆ ಕೆಳಗೆ ಸಬ್‌ಟೈಟಲ್ ಇದೆ. ಅನುವಾದ ಸಬ್‌ಟೈಟಲ್‌ನ ಕೆಲಸ, ನಿರೂಪಣೆಯ ಕೆಲಸ ಬೇರೆ.

ಲೆಡ್ಜರ್ ತೆಗೆದೆ

ನಾನು ಓದಿದ್ದು ಬಿ.ಕಾಂ. ಒಂದೇ ಖರ್ಚನ್ನ ಎರಡು ಸಲ ಬರೆದ್ರೆ ಲೆಕ್ಕ ತಾಳೆ ಆಗಲ್ಲ ಅನ್ನೋದು ನಮಗೆ ಮೊದಲ ವರ್ಷವೇ ತಲೆಗೆ ಹೋಗಿರುತ್ತೆ. ಇಲ್ಲೂ ಅದನ್ನೇ ಮಾಡಿದೆ.

ಮೊದಲು ಎಡಿಟ್‌ನಲ್ಲಿ ಉಳ್ಕೊಂಡಿದ್ದ ಎಲ್ಲಾ ಸಂದರ್ಶನಗಳನ್ನ ಪದಪದ ಬರೆದುಕೊಂಡೆ. ಶೂಟ್ ಮಾಡಿದ್ದೆಲ್ಲಾ ಅಲ್ಲ, ಚಿತ್ರದಲ್ಲಿ ಉಳಿದಿದ್ದು ಮಾತ್ರ. ಇದು ಮುಖ್ಯ, ಯಾಕಂದ್ರೆ ಉಸ್ತಾದ್ ಹೇಳಿದ ಒಂದು ಮಾತು ಎಡಿಟಿಂಗ್‌ನಲ್ಲಿ ಬಿದ್ದುಹೋಗಿದ್ರೆ ನೋಡುವವರ ಪಾಲಿಗೆ ಅದು ಹೇಳದೇ ಇರೋ ಮಾತು.

ಆಮೇಲೆ ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ. ಮೊದಲನೇದು ಸಮಯ. ಎರಡನೇದು, ಮಾತಾಡ್ತಿರೋರು ಹೇಳಿದ ವಿಷಯ, ಒಂದೇ ಸಾಲಿನಲ್ಲಿ. ಮೂರನೇದು, ಆ ಹೊತ್ತಿಗೆ ಕಣ್ಣಿಗೆ ಕಾಣ್ತಿರೋದು. ನಾಲ್ಕನೇದು ಖಾಲಿ. ಎರಡು, ಮೂರನೇ ಕಾಲಂನಲ್ಲಿ ಇರೋ ಯಾವುದೂ ನಾಲ್ಕಕ್ಕೆ ಬರಂಗಿಲ್ಲ ಅನ್ನೋದೇ ನಿಯಮ.

ನನ್ನ ಹಳೇ ಸ್ಕ್ರಿಪ್ಟ್‌ನ ಪ್ರತಿ ವಾಕ್ಯವನ್ನೂ ಈ ಶೀಟ್ ಪಕ್ಕ ಇಟ್ಟು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಹೊಡೆದುಹೋಯ್ತು. 'ಉಳಿಯಿಂದ ಸೂಕ್ಷ್ಮವಾಗಿ ಕೆತ್ತುತ್ತಾನೆ' ಅಂತ ಬರೆದಿದ್ದೆ, ತೆರೆ ಮೇಲೆ ಅವರು ಉಳಿ ಹಿಡ್ಕೊಂಡು ಕೆತ್ತುತ್ತಾನೇ ಇದಾರೆ. 'ಬೆಳ್ಳಿಯ ತಂತಿಯನ್ನು ಗೆರೆಯೊಳಗೆ ಬಡಿದು ಕೂರಿಸುತ್ತಾನೆ' ಅಂತಿತ್ತು, ಅವರ ಮಗನೇ ಅದನ್ನ ಹೇಳ್ತಾ ಮಾಡಿ ತೋರಿಸ್ತಾನೆ. ಹೋಯ್ತು.

ಸ್ವಲ್ಪ ಹೊತ್ತು ಗಾಬರಿನೇ ಆಯ್ತು. ಹಾಗಾದ್ರೆ ನನಗೇನು ಕೆಲಸ?

ನೋಡುವವರು ಎಡವೋ ಜಾಗ

ಉತ್ತರ ಸಿಕ್ಕಿದ್ದು ನನ್ನ ಅಕ್ಕನಿಂದ. ಅವಳಿಗೆ ಬಿದ್ರಿ ಅಂದ್ರೆ ಏನೂ ಗೊತ್ತಿಲ್ಲ. ನಿರೂಪಣೆ ತೆಗೆದುಹಾಕಿ ಬರೀ ಸಂದರ್ಶನ, ದೃಶ್ಯ ಇರೋ ಚಿತ್ರವನ್ನ ಅವಳಿಗೆ ತೋರಿಸಿದೆ. 'ಎಲ್ಲಿ ಗೊಂದಲ ಆಗುತ್ತೋ ಅಲ್ಲಿ ನಿಲ್ಸು' ಅಂದೆ. ಅವಳು ಮಣ್ಣಿನ ದೃಶ್ಯದ ಹತ್ರ ನಿಲ್ಲಿಸಿದ್ಲು.

'ಇದು ಆಗ್ಲೇ ಕಪ್ಪಾಗಿತ್ತಲ್ವೇನೋ? ಮತ್ತೆ ಯಾಕೆ ಕಪ್ಪು ಮಾಡ್ತಿದಾರೆ?'

ನಾನು ಅಷ್ಟು ಓದಿದ್ದೆ, ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಆದ್ರೆ ಅವಳು ಹೇಳಿದ್ದು ಸರಿ. ಬಿದ್ರಿ ವಸ್ತು ತೆರೆ ಮೇಲೆ ಎರಡು ಸಲ ಕಪ್ಪಾಗುತ್ತೆ. ಯಾಕೆ ಅಂತ ಹೇಳ್ತೀನಿ.

ಬಿದ್ರಿ ತಟ್ಟೆಯೋ ಹೂಜಿಯೋ ಶುರುವಾಗೋದು ಸತುವಿನಿಂದ. ಅದಕ್ಕೆ ಸ್ವಲ್ಪ ತಾಮ್ರ ಬೆರೆಸ್ತಾರೆ. ಸಾಮಾನ್ಯವಾಗಿ ಹೇಳೋ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಮಣ್ಣಿನ ಅಚ್ಚಿಗೆ ಸುರಿದು ತೆಗೆದಾಗ ಮಂಕು ಬೂದು ಬಣ್ಣದ ವಸ್ತು ಸಿಗುತ್ತೆ. ಅರದಿಂದ ಉಜ್ಜಿ ನುಣುಪು ಮಾಡಿದ್ಮೇಲೆ ಅದಕ್ಕೆ ಮೈಲುತುತ್ತಿನ ನೀರು ಹಚ್ಚುತ್ತಾರೆ, ತೋಟದವರು ಅಡಿಕೆಗೆ ಹೊಡೆಯೋ ಔಷಧಿಗೆ ಹಾಕ್ತಾರಲ್ಲ, ಅದೇ ಮೈಲುತುತ್ತು. ಆಗ ಮೇಲ್ಮೈ ಕಪ್ಪಾಗುತ್ತೆ. ಇದು ಮೊದಲ ಕಪ್ಪು. ಉದ್ದೇಶ ಒಂದೇ: ಚೂಪು ಮೊಳೆಯಂಥದ್ದರಿಂದ ಹೂ ಬಳ್ಳಿ ಗೀಚಿದಾಗ ಗೆರೆ ಎದ್ದು ಕಾಣ್ಬೇಕು. ಕರಿಹಲಗೆ ಇದ್ದ ಹಾಗೆ.

ಆಮೇಲೆ ಕೆತ್ತನೆ, ಬೆಳ್ಳಿ ಕೂರಿಸೋದು, ಮತ್ತೆ ಉಜ್ಜೋದು. ಈ ಉಜ್ಜಾಟದಲ್ಲಿ ಮೊದಲ ಕಪ್ಪು ಹೊರಟುಹೋಗುತ್ತೆ. ಆಗ ಒಂದು ವಿಚಿತ್ರ ಆಗುತ್ತೆ. ಸತುವೂ ಹೊಳೆಯುತ್ತೆ, ಬೆಳ್ಳಿಯೂ ಹೊಳೆಯುತ್ತೆ. ಅಷ್ಟು ದಿನ ಕೂತು ಮಾಡಿದ ಚಿತ್ತಾರ ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ. ಕೊನೆಗೆ ಕೋಟೆ ಮಣ್ಣು, ನವಸಾಗರ, ನೀರು ಸೇರಿಸಿ ಕಾಯಿಸಿ, ವಸ್ತುವಿಗೆ ಹಚ್ಚಿ ತಿಕ್ಕುತ್ತಾರೆ. ಸತುವಿನ ಭಾಗ ಗಾಢ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಚಿತ್ತಾರ ಥಟ್ಟಂತ ಎದ್ದು ಬರುತ್ತೆ. ಇದು ಎರಡನೇ ಕಪ್ಪು, ಉಳಿಯೋ ಕಪ್ಪು.

ಇಡೀ ಸಂದರ್ಶನದಲ್ಲಿ ಉಸ್ತಾದ್ ಈ ಎರಡು ಕಪ್ಪಿನ ವ್ಯತ್ಯಾಸ ಹೇಳೇ ಇಲ್ಲ. ಯಾಕೆ ಹೇಳ್ತಾರೆ? ಅವರಿಗೆ ಅದು ಉಸಿರಾಡಿದಷ್ಟು ಸಹಜ. ಅಕ್ಕಿ ತೊಳೆಯೋ ನೀರು ಬೇರೆ, ಅನ್ನ ಬೇಯೋ ನೀರು ಬೇರೆ ಅಂತ ನಮ್ಮಮ್ಮ ಯಾರಿಗಾದ್ರೂ ಬಿಡಿಸಿ ಹೇಳ್ತಾರಾ?

ನನಗೆ ಹೊಳೆದಿದ್ದು ಇದು. ಕಸುಬಿನವರು ವಿಶೇಷ ಅನ್ಸಿದ್ದನ್ನ ಹೇಳ್ತಾರೆ, ಮಣ್ಣಿನ ರುಚಿ ವಿಶೇಷ. ಕೈಗೆ ರೂಢಿ ಆಗಿರೋದನ್ನ ಹೇಳಲ್ಲ. ಹೊರಗಿನವರು ಎಡವೋದು ಸರಿಯಾಗಿ ಆ ಹೇಳದೇ ಉಳಿದ ಜಾಗದಲ್ಲಿ. ನಿರೂಪಣೆ ನಿಲ್ಲಬೇಕಾದ ಜಾಗವೂ ಅದೇ.

ಅದೇ 24 ಪದ

ಹಳೇ ತುಣುಕಿನಲ್ಲಿ 24 ಪದ ಇತ್ತು. ನಾನು ಆತುರವಿಲ್ಲದೆ ಓದಿದ್ರೆ ನಿಮಿಷಕ್ಕೆ ಸುಮಾರು 100 ಪದ ಆಗುತ್ತೆ. ಕನ್ನಡದ ಪದಗಳು ಉದ್ದ ಅಲ್ವಾ, ಇಂಗ್ಲಿಷ್ ಲೆಕ್ಕ ಇಲ್ಲಿ ನಡೆಯಲ್ಲ. ನೀವು ಬರೆಯೋದಾದ್ರೆ ನಿಮ್ಮದೇ ಒಂದು ಪುಟ ಓದಿ, ಫೋನ್‌ನಲ್ಲಿ ಸಮಯ ನೋಡ್ಕೊಳ್ಳಿ. ನನ್ನ ಲೆಕ್ಕಕ್ಕೆ 24 ಪದ ಅಂದ್ರೆ 14-15 ಸೆಕೆಂಡ್. ಎಡಿಟ್‌ನಲ್ಲಿ ಇದ್ದ ಜಾಗವೂ ಅಷ್ಟೇ.

ಹೊಸದು ಬರೆದೆ, ಎರಡು ಭಾಗ ಮಾಡಿ. ಉಸ್ತಾದ್ ಮಾತಿಗೆ ಮುಂಚೆ:

'ಈ ತಟ್ಟೆ ಒಮ್ಮೆ ಕಪ್ಪಾಗಿತ್ತು. ಅದು ಗೆರೆ ಕಾಣಲೆಂದು ಬಳಿದ ಮೈಲುತುತ್ತಿನ ಕಪ್ಪು, ಉಜ್ಜಿದಾಗ ಹೋಯಿತು. ಈಗ ಬರಬೇಕಿರುವುದು ಹೋಗದ ಕಪ್ಪು.'

ಇಲ್ಲಿ ನಿಲ್ಲಿಸಿದೆ. ಉಸ್ತಾದ್ ಮಣ್ಣು ಬಾಯಿಗಿಡ್ತಾರೆ, ಸುಮ್ಮನಿರ್ತಾರೆ, ಮಾತಾಡ್ತಾರೆ, ನಗ್ತಾರೆ. ಯಾರೂ ಅಡ್ಡ ಬರಲ್ಲ. ನೀರು ಕಾಯುತ್ತೆ. ತಟ್ಟೆ ಮುಳುಗೋ ಮುಂಚೆ ಮತ್ತೆ ನನ್ನ ದನಿ:

'ಈ ನೀರು ಸತುವಿನ ಮೈಯನ್ನು ಕಪ್ಪು ಮಾಡುತ್ತದೆ. ಬೆಳ್ಳಿಯನ್ನು ಮುಟ್ಟುವುದಿಲ್ಲ.'

ಅಷ್ಟೇ. ಆಮೇಲೆ ಚಿತ್ತಾರ ಎದ್ದು ಬರೋದು ಮೌನದಲ್ಲಿ, ಬಟ್ಟೆ ತಿಕ್ಕೋ ಸದ್ದು ಬಿಟ್ಟರೆ ಏನಿಲ್ಲ. ಎಣಿಸಿ ನೋಡಿ, 16 ಮತ್ತು 8, ಒಟ್ಟು 24 ಪದ. ಅದೇ ಜಾಗ, ಅದೇ ಸಮಯ. ಹಳೆಯದರಲ್ಲಿ ಉಸ್ತಾದ್ ಹೇಳದೇ ಇರೋ ಮಾಹಿತಿ ಒಂದೂ ಇರಲಿಲ್ಲ. ಹೊಸದರಲ್ಲಿ ಇರೋ ಮೂರು ವಿಷಯವನ್ನೂ ಚಿತ್ರದಲ್ಲಿ ಬೇರೆ ಯಾರೂ ಹೇಳಿಲ್ಲ.

ಇನ್ನೊಂದು ಗಮನಿಸಿ. ಮಾತಿಗೆ ಮುಂಚೆ ಬರೋ ನಿರೂಪಣೆ ಕುತೂಹಲದಲ್ಲಿ ಮುಗಿಯುತ್ತೆ: ಹೋಗದ ಕಪ್ಪು ಅಂದ್ರೆ ಹೇಗೆ? ಉತ್ತರ ಕೊಡೋದು ಉಸ್ತಾದ್. ಮಾತಾದ ಮೇಲೆ ಬರೋ ನಿರೂಪಣೆ ಹಿಂದಿನದನ್ನ ಮತ್ತೆ ಎತ್ತಲ್ಲ, ಮುಂದೆ ಏನನ್ನ ನೋಡ್ಬೇಕು ಅಂತ ಮಾತ್ರ ಹೇಳುತ್ತೆ. 'ಹೀಗೆ ಮಣ್ಣಿನ ರುಚಿ ನೋಡುವ ಮೂಲಕ...' ಅಂತ ಶುರುವಾಗೋ ವಾಕ್ಯ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇದ್ರೆ ಅನುಮಾನಪಡಿ. 'ಹೀಗೆ' ಅನ್ನೋ ಪದ ಬಂತು ಅಂದ್ರೆ ಮುಗಿದ ಮಾತಿನ ಸಾರಾಂಶ ಬರ್ತಾ ಇದೆ ಅಂತಲೇ ಅರ್ಥ.

ಇಬ್ಬರು ಹೇಳಿದ್ದನ್ನ ಕೂಡಿಸೋದು

ನಿರೂಪಣೆಗೆ ಸಿಕ್ಕ ಇನ್ನೊಂದು ಕೆಲಸ, ನನ್ನ ಡಿಗ್ರಿಗೆ ಹತ್ತಿರದ್ದು.

ಚಿತ್ರದಲ್ಲಿ ಉಸ್ತಾದ್ ಒಂದು ಡಬ್ಬಿಗೆ ಎಷ್ಟು ದಿನ ಹಿಡಿಯುತ್ತೆ ಅಂತ ಹೇಳ್ತಾರೆ. ಅಂಗಡಿಯವರು ಬೇರೆ ದೃಶ್ಯದಲ್ಲಿ, ಅಂಥ ಡಬ್ಬಿಗೆ ಕೂಲಿ ಎಷ್ಟು ಕೊಡ್ತೀವಿ ಅಂತ ಹೇಳ್ತಾರೆ. ಇಬ್ಬರ ಮಾತಿನ ನಡುವೆ ಆರು ನಿಮಿಷ ಅಂತರ ಇದೆ. ನೋಡುವವರು ತಲೆಯಲ್ಲಿ ಭಾಗಾಕಾರ ಮಾಡ್ತಾ ಕೂರಲ್ಲ. ಆ ಭಾಗಾಕಾರ ನಿರೂಪಣೆ ಮಾಡಬಹುದು.

ನಿಜವಾದ ಅಂಕಿ ಬಿಡಿ, ಅದು ಅವರ ಮನೆ ವಿಷಯ. ಲೆಕ್ಕ ಅರ್ಥ ಆಗ್ಲಿ ಅಂತ ದುಂಡು ಸಂಖ್ಯೆ ತಗೊಳ್ಳೋಣ. 5 ದಿನದ ಕೆಲಸ, ಕೂಲಿ 2,500 ರೂಪಾಯಿ ಅಂದ್ಕೊಳ್ಳಿ. ದಿನಕ್ಕೆ 500. ಆದ್ರೆ ಆ 5 ದಿನ ಒಬ್ಬರ ಕೆಲಸ ಅಲ್ಲ. ಎರಕ ಹೊಯ್ಯೋದು, ಕೆತ್ತೋದು, ಬೆಳ್ಳಿ ಕೂರಿಸೋದು ಬೇರೆ ಬೇರೆ ಕೈಗಳಲ್ಲಿ ಆಗ್ತಿದ್ರೆ ಅದೇ 2,500 ಹಂಚಿಹೋಗುತ್ತೆ. ಬೆಳ್ಳಿ ಯಾರ ದುಡ್ಡಿನಲ್ಲಿ ಬಂತು ಅನ್ನೋದು ಇನ್ನೊಂದು ಪ್ರಶ್ನೆ. ಉಸ್ತಾದೇ ಬೆಳ್ಳಿ ತಂದಿದ್ರೆ, ಮಾಲು ಮಾರಾಟ ಆಗೋವರೆಗೂ ಅವರ ದುಡ್ಡು ಡಬ್ಬಿ ಮೇಲೆ ಹೂವಾಗಿ ಕೂತಿರುತ್ತೆ. ಬೆಳ್ಳಿ ರೇಟು ಏರಿದಷ್ಟೂ ಹೊಸ ಮಾಲು ಮಾಡೋಕೆ ಕೈ ಕಟ್ಟುತ್ತೆ.

ಮಗ ಯಾಕೆ ಮೊಬೈಲ್ ಅಂಗಡಿ ಕಡೆ ನೋಡ್ತಿದಾನೆ ಅನ್ನೋದಕ್ಕೆ ಈ ಎರಡು ಸಾಲು ಲೆಕ್ಕ ಸಾಕಾಗಿತ್ತು. ಮೊದಲ ಡ್ರಾಫ್ಟ್‌ನಲ್ಲಿ ನಾನು ಆ ಜಾಗದಲ್ಲಿ ಬರೆದಿದ್ದು ಬೇರೆ: 'ಆಧುನಿಕತೆಯ ಅಬ್ಬರದಲ್ಲಿ ಯುವಜನತೆ ಈ ಕಲೆಯಿಂದ ವಿಮುಖವಾಗುತ್ತಿದೆ.' ಇದನ್ನ ಬಿದ್ರಿಗೂ ಹೇಳಬಹುದು, ಕಂಬಳಿ ನೇಯ್ಗೆಗೂ ಹೇಳಬಹುದು, ಬುಟ್ಟಿ ಹೆಣೆಯೋದಕ್ಕೂ ಹೇಳಬಹುದು. ಬೇರೆ ಕಸುಬಿನ ಹೆಸರು ಹಾಕಿದ್ರೂ ನಡೆಯೋ ವಾಕ್ಯ ಆಗಿದ್ರೆ, ಅದು ಇರಬೇಕಾಗಿಲ್ಲ.

'ಕೊನೆಯ ಕೊಂಡಿ' ಅನ್ನೋ ಮಾತು

ಈಗ ಸ್ವಲ್ಪ ಕಷ್ಟದ ಭಾಗ.

ನನ್ನ ಮೊದಲ ಸ್ಕ್ರಿಪ್ಟ್‌ನ ಕೊನೆಯಲ್ಲಿ ಉಸ್ತಾದ್ ಬಗ್ಗೆ 'ಅಳಿವಿನಂಚಿನ ಕಲೆಯೊಂದರ ಕೊನೆಯ ಕೊಂಡಿ' ಅಂತ ಬರೆದಿದ್ದೆ. ಹಿನ್ನೆಲೆಯಲ್ಲಿ ಸಾರಂಗಿ. ನನಗೆ ತುಂಬಾ ಇಷ್ಟ ಆಗಿತ್ತು. ಸ್ನೇಹಿತ ಆ ತುಣುಕನ್ನ ಉಸ್ತಾದ್‌ಗೆ ವಾಟ್ಸ್ಆ್ಯಪ್ ಮಾಡಿದ. ಸಂಜೆ ಅವರೇ ನನಗೆ ಫೋನ್ ಮಾಡಿದ್ರು.

'ತಮ್ಮಾ, ದನಿ ಛಲೋ ಅದ. ಆದ್ರ ಕೊನೀ ಮನಷ್ಯಾ ನಾ ಅಲ್ಲಪಾ. ಬಾಜೂ ಗಲ್ಲಿದಾಗ ನಮ್ಮ ಮಂದಿ ಕುಂತು ಕೆಲಸ ಮಾಡ್ಲತ್ತಾರ. ಅವ್ರು ಕೇಳಿದ್ರ ನನ್ ಮಾರಿ ಹೆಂಗ ತೋರ್ಸಲಿ?'

'ತಪ್ಪಾಯ್ತು ಚಾಚಾ' ಅಂದೆ. ಅವರು ಮುಂದುವರಿಸಿದ್ರು.

'ಇನ್ನೊಂದ್ ಮಾತು. ಮುಗದೇ ಹೋಯ್ತು ಅಂತ ನೀವೇ ಅಂದ್ರ, ನಂಗ ಆರ್ಡರ್ ಯಾರ್ ಕೊಡ್ತಾರ? ಯಾವ ಅಪ್ಪ ತನ್ ಹುಡುಗಗ ಕೆಲಸಾ ಕಲೀಲಾಕ ಕಳಸ್ತಾನ?'

ನನ್ನ ಹತ್ರ ಉತ್ತರ ಇರಲಿಲ್ಲ. ಸಂದರ್ಶನದ ಮಾತನ್ನ ಪುನರಾವರ್ತನೆ ಮಾಡೋದು ನೋಡುವವರಿಗೆ ಬೇಜಾರು ತರಿಸುತ್ತೆ, ಅಷ್ಟೇ. ಆದ್ರೆ ಅವರು ಹೇಳದೇ ಇರೋದನ್ನ ಅವರ ಮೇಲೆ ಹೊರಿಸಿದ್ರೆ ಒಬ್ಬರ ಹೊಟ್ಟೆಪಾಡಿಗೇ ಪೆಟ್ಟು. ನಾಲ್ಕನೇ ಕಾಲಂ ಖಾಲಿ ಇದೆ ಅಂತ ಏನು ಬೇಕಾದ್ರೂ ತುಂಬೋಕಾಗಲ್ಲ.

ವಾಸ್ತವ ಕೂಡ ಅಷ್ಟು ಸರಳ ಇಲ್ಲ. ಬಿದ್ರಿಗೆ ಜಿಐ ಮಾನ್ಯತೆ ಇದೆ. 2023ರಲ್ಲಿ ಬೀದರ್‌ನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದೇ ಊರಿನಲ್ಲಿ ಕೆಲಸ ಬಿಟ್ಟು ಬೇರೆ ದುಡಿಮೆ ಹಿಡಿದವರೂ ಇದಾರೆ. ಎರಡೂ ನಿಜ. 'ಅಳಿಯುತ್ತಿದೆ' ಅನ್ನೋ ಒಂದೇ ಪದ ಈ ಎರಡನ್ನೂ ಮುಚ್ಚಿಹಾಕುತ್ತೆ.

ಹಾಗಾದ್ರೆ ಕಡಿಮೆ ಆಗ್ತಿರೋದನ್ನ ಹೇಳೋದು ಹೇಗೆ? ಚಿತ್ರದಲ್ಲಿ ಕಂಡಿದ್ದನ್ನ, ನಾವು ಖಚಿತಪಡಿಸಿಕೊಂಡಿದ್ದನ್ನ ಮಾತ್ರ ಹೇಳಿದೆ. ಉಸ್ತಾದ್ ವರ್ಕ್‌ಶಾಪ್‌ನಲ್ಲಿ ಕೂರೋಕೆ ನಾಲ್ಕು ಜಾಗ ಇದೆ, ನೆಲ ಸವೆದಿರೋದು ತೆರೆ ಮೇಲೇ ಕಾಣುತ್ತೆ. ಈಗ ಅಲ್ಲಿ ಕೂರೋದು ಇಬ್ಬರು. ಕೊನೆಯ ನಿರೂಪಣೆ ಇಷ್ಟಾಯ್ತು: 'ಈ ಕೋಣೆಯಲ್ಲಿ ನಾಲ್ವರು ಕೂರುತ್ತಿದ್ದರು. ಇಂದು ಇಬ್ಬರಿದ್ದಾರೆ.' ರೆಕಾರ್ಡ್ ಮಾಡೋ ಮುಂಚೆ ಫೋನ್‌ನಲ್ಲಿ ಓದಿ ಹೇಳಿದೆ. 'ಹಾಂ, ಇದು ಖರೇ' ಅಂದ್ರು. ಸಾರಂಗಿ ತೆಗೆಸಿದ್ವಿ.

ಪುನರಾವರ್ತನೆ ಬೇಕಾಗೋದು ಯಾವಾಗ

ನಿಯಮಕ್ಕೆ ಒಂದು ವಿನಾಯಿತಿ ಇದೆ. ಇದೇ ಚಿತ್ರದ ಆಡಿಯೋ ತುಣುಕನ್ನ ಈ ಪಾಡ್‌ಕಾಸ್ಟ್‌ಗೆ ತಗೊಂಡಾಗ ಸಬ್‌ಟೈಟಲ್ ಇರಲ್ಲ. ದಖ್ಖನಿ ಗೊತ್ತಿಲ್ಲದವರಿಗೆ ಅರ್ಥ ಹೇಳ್ಲೇಬೇಕು. ಆಗಲೂ ಕ್ರಮ ಮುಖ್ಯ. ಮೊದಲು ಉಸ್ತಾದ್ ದನಿ, ಮೂರು ನಾಲ್ಕು ಸೆಕೆಂಡ್ ಪೂರ್ತಿ ಕೇಳಿಸ್ಬೇಕು. ಆಮೇಲೆ ಅದರ ಶಬ್ದ ತಗ್ಗಿಸಿ, ಮೇಲೆ ಕನ್ನಡ. ಕೊನೆಯ ನಗು ಬಂದಾಗ ನಾನು ಸುಮ್ಮನಾಗಿ ಅವರ ಶಬ್ದ ಮತ್ತೆ ಮೇಲೆ. ನಗುವಿಗೆ ಅನುವಾದ ಬೇಡ.

ನೀವು ಇಂಥದ್ದೊಂದು ಮಾಡ್ತಾ ಇದ್ರೆ, ಕಳಿಸೋ ಮುಂಚೆ ಎರಡು ಸಲ ಕೇಳಿ. ಒಂದು ಸಲ ನಿಮ್ಮ ನಿರೂಪಣೆಯ ಟ್ರ್ಯಾಕ್ ಮ್ಯೂಟ್ ಮಾಡಿ. ಎಲ್ಲಿ ಏನೂ ಕಳೆದುಹೋಗಲಿಲ್ಲ ಅನ್ಸುತ್ತೋ ಅಲ್ಲಿನ ವಾಕ್ಯ ತೆಗೀರಿ. ಇನ್ನೊಂದು ಸಲ ಸಂದರ್ಶನ ಮ್ಯೂಟ್ ಮಾಡಿ ನಿಮ್ಮ ದನಿ ಮಾತ್ರ ಕೇಳಿ. ಅದೊಂದರಿಂದಲೇ ಇಡೀ ಕಥೆ ಅರ್ಥ ಆಗಿಬಿಟ್ರೆ, ನೀವು ಜಾಸ್ತಿ ಮಾತಾಡಿದೀರಿ ಅಂತ ಲೆಕ್ಕ.

22 ನಿಮಿಷದ ಆ ಚಿತ್ರದಲ್ಲಿ ನನ್ನ ದನಿ ಮೊದಲು ಒಂಬತ್ತು ನಿಮಿಷ ಇತ್ತು. ಈಗ ಮೂರೂವರೆ. ಅಕ್ಕ ಮತ್ತೆ ನೋಡಿದ್ಲು, ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಮುಗಿದ್ಮೇಲೆ ಕೇಳಿದ್ದು ಒಂದೇ: 'ಆ ಚಾಚಾ ಹತ್ರ ಒಂದು ಡಬ್ಬಿ ಆರ್ಡರ್ ಕೊಡಬಹುದೇನೋ?'

ನಂಬರ್ ಕೊಟ್ಟೆ.